ಗೌರಿಯ ಜ್ವರ: ಡಾಕ್ಟ್ರ ಚೀಟಿ ಕನ್ನಡದಲ್ಲಿ

ಕಾಕಾ, ನಮಸ್ಕಾರ.

ಸೋಮವಾರ ಸಂಜೆ ನಿಮ್ಮ ಆಕಳು ಗೌರಿಯನ್ನು ನೋಡಿ ಡಾಕ್ಟ್ರು ಬರೆದುಕೊಟ್ಟ ಚೀಟಿಯನ್ನು ಕನ್ನಡಕ್ಕೆ ಇಳಿಸಿದ್ದೇನೆ. ಅರ್ಧ ಮರಾಠಿ, ಅರ್ಧ ಇಂಗ್ಲಿಷ್ ಇತ್ತು. ಎರಡು ಕಡೆ ಸಂದೇಹ ಬಂತು, ಅವರಿಗೇ ಫೋನ್ ಮಾಡಿ ಕೇಳಿ ಬರೆದೆ. ಕಾಕೂಗೂ ಒಮ್ಮೆ ಓದಿ ಹೇಳಿ, ಹಾಲು ಹಿಂಡುವವರು ಅವರೇ ಅಲ್ವಾ.

ಮೊದಲು ಒಂದು ಮಾತು. ಔಷಧದ ಮುಂದೆ ಇಂಗ್ಲಿಷಿನಲ್ಲಿ 'ಬಿ.ಡಿ.' ಅಂತ ಇದೆ. ಅಂಗಡಿಯವನು ಹಾಗೇ ಓದಿ ಹೇಳಿದರೆ ನಮ್ಮ ಕಿವಿಗೆ 'ಬಿಡಿ' ಅಂತ ಕೇಳುತ್ತದೆ. ಔಷಧ ಬಿಡಿ ಅಂತ ಅರ್ಥ ಅಲ್ಲ. ದಿನಕ್ಕೆ ಎರಡು ಸಲ ಕೊಡಿ ಅಂತ. ಹಾಗೇ 'ಎಸ್.ಓ.ಎಸ್.' ಅಂದರೆ ಬೇಕಾದರೆ ಮಾತ್ರ.

ರೋಗ ಏನು: ಮೂರು ದಿನದ ಜ್ವರ. ಮಳೆಗಾಲದಲ್ಲಿ ಸೊಳ್ಳೆ, ಗುಂಗಾಡು ಕಚ್ಚಿ ಬರುತ್ತದೆ. ಒಂದು ಆಕಳು ಇನ್ನೊಂದನ್ನು ಮುಟ್ಟಿದರೆ ಬರುವುದಿಲ್ಲ. ಗೌರಿಗೆ 105.4 ಡಿಗ್ರಿ ಇತ್ತು. ಆರೋಗ್ಯವಾಗಿರುವ ಆಕಳಿಗೆ ಸುಮಾರು 101.5 ಇರುತ್ತದೆ. ಕಾಲು ಬಿಗಿಯಾಗಿ ಕುಂಟುತ್ತಾಳೆ, ಬಾಯಿಂದ ಜೊಲ್ಲು ಸುರಿಯುತ್ತದೆ. ಇದು ಈ ಜ್ವರದ ಗುಣವೇ, ಕಾಲು ಮುರಿದಿಲ್ಲ. ಹೆಚ್ಚಿನ ದನಗಳು ಮೂರು ನಾಲ್ಕು ದಿನಕ್ಕೆ ಎದ್ದು ನಿಲ್ಲುತ್ತವೆ.

ಡಾಕ್ಟ್ರು ಎರಡು ಗೆರೆ ಎಳೆದು ಬರೆದ ಮಾತು ಇದು: ಗೊಟ್ಟ ಹಾಕಬೇಡಿ. ಈ ಜ್ವರದಲ್ಲಿ ಗಂಟಲು ಸೋತಿರುತ್ತದೆ, ನುಂಗಲು ಆಗುವುದಿಲ್ಲ. ಔಷಧ ಆಗಲಿ, ಗಂಜಿ ಆಗಲಿ, ಎಣ್ಣೆ ಆಗಲಿ, ಬಾಯಿ ಎತ್ತಿ ಹುಯ್ದರೆ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಜ್ವರದಿಂದ ಉಳಿದ ಆಕಳು ನ್ಯುಮೋನಿಯಾದಿಂದ ಸಾಯಬಹುದು. ಊರಲ್ಲಿ ನಾವೆಲ್ಲ ಬಿದಿರಿನ ಗೊಟ್ಟದಲ್ಲೇ ಕುಡಿಸಿ ಬೆಳೆಸಿದವರು, ಗೊತ್ತು. ಆದರೆ ಈ ವಾರ ಅದನ್ನು ಅಟ್ಟದ ಮೇಲೆ ಇಟ್ಟುಬಿಡಿ, ಕಾಕಾ. ಏನು ಕೊಟ್ಟರೂ ಅವಳೇ ನೆಕ್ಕಿ ತಿನ್ನಬೇಕು.

ಸೂಜಿ: ಜ್ವರ, ನೋವು ಇಳಿಸುವ ಮೆಲಾಕ್ಸಿಕಾಮ್. ಮೊದಲನೆಯದು ಸೋಮವಾರ ಸಂಜೆ 7ಕ್ಕೆ ಆಗಿದೆ. ಎರಡನೆಯದು ಮಂಗಳವಾರ ಸಂಜೆ 7ಕ್ಕೆ, ಕಾಂಪೌಂಡರ್ ಬಂದು ಹಾಕುತ್ತಾನೆ. ಮೂರನೆಯದು ಬುಧವಾರ ಸಂಜೆ 7ಕ್ಕೆ, ಆದರೆ ಆವತ್ತು ಸಂಜೆ 6ಕ್ಕೆ ನೋಡಿದಾಗ ಜ್ವರ 103ಕ್ಕಿಂತ ಜಾಸ್ತಿ ಇದ್ದರೆ ಮಾತ್ರ. ಎರಡು ಸೂಜಿ ನಡುವೆ 24 ತಾಸು ಇರಲೇಬೇಕು. ನಡುವೆ ನರಳುತ್ತಿದ್ದಾಳೆ ಅಂತ ಬೇರೆ ನೋವಿನ ಸೂಜಿ ಹಾಕಿಸಬೇಡಿ. ಗೋಡೆಗೂಡಿನಲ್ಲಿರುವ ಹಳೇ ಡೈಕ್ಲೋಫೆನಾಕ್ ಬಾಟಲಿ ಎಸೆದುಬಿಡಿ ಅಂದರು. ಅದನ್ನು ಹಾಕಿದ ದನ ಸತ್ತು, ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. 2006ರಿಂದ ದನಗಳಿಗೆ ಅದು ನಿಷೇಧ.

ಹಸಿವಿನ ಪುಡಿ: ಒಮ್ಮೆಗೆ 50 ಗ್ರಾಂ, ಬೆಳಿಗ್ಗೆ 8, ರಾತ್ರಿ 8. ಮಂಗಳವಾರ ಬೆಳಿಗ್ಗೆಯಿಂದ ಶನಿವಾರ ರಾತ್ರಿವರೆಗೆ. ಪ್ಯಾಕೆಟ್ಟು 500 ಗ್ರಾಂ, ಅಂದರೆ ಸರಿಯಾಗಿ ಹತ್ತು ಸಲ. ನಾನು ಪೇಪರಿನಲ್ಲಿ ಹತ್ತು ಪೊಟ್ಟಣ ಕಟ್ಟಿ, ಮೇಲೆ ವಾರ, ಹೊತ್ತು ಬರೆದಿದ್ದೇನೆ. ಬೆಲ್ಲದ ಜೊತೆ ಉಂಡೆ ಮಾಡಿ ಗೋದಲಿಯಲ್ಲಿ ಇಡಿ. ಮುಟ್ಟದಿದ್ದರೆ ಒಳಗೆ ತುರುಕಬೇಡಿ. ಆ ಸಲ ಬಿಡಿ, ಮುಂದಿನ ಸಲ ಎರಡು ಸೇರಿಸಿ ಕೊಡಬೇಡಿ.

ಕ್ಯಾಲ್ಸಿಯಂ ಟಾನಿಕ್: ಒಮ್ಮೆಗೆ 100 ಮಿಲಿ, ಬೆಳಿಗ್ಗೆ 8, ರಾತ್ರಿ 8, ಐದು ದಿನ. ಚೀಟಿಯಲ್ಲಿ ಮರಾಠಿಯಲ್ಲಿ 'ಪರವಾ' ಶುರು ಮಾಡಿ ಅಂತ ಇತ್ತು. ಮರಾಠಿಯಲ್ಲಿ ಮೊನ್ನೆಗೂ ಅದೇ, ನಾಡಿದ್ದಿಗೂ ಅದೇ. ಕೇಳಿದೆ, ನಾಡಿದ್ದು ಅಂದರು. ಅಂದರೆ ಬುಧವಾರ ಬೆಳಿಗ್ಗೆಯಿಂದ ಭಾನುವಾರ ರಾತ್ರಿವರೆಗೆ. ಒಂದು ಲೀಟರ್ ಬಾಟಲಿ ಅಷ್ಟಕ್ಕೇ ಸಾಕು. ಬಾಟಲಿ ಜೊತೆ ಬಂದ ಅಳತೆ ಲೋಟದಲ್ಲೇ ಅಳೆದು, ಒಂದು ಹಿಡಿ ಗೋದಿ ತೌಡಿಗೆ ಕಲಸಿ ಇಡಿ.

ಜ್ವರ ನೋಡುವುದು: ದಿನಾ ಬೆಳಿಗ್ಗೆ 6, ಸಂಜೆ 6. ಥರ್ಮಾಮೀಟರ್ ಕೊಡವಿ, ತುದಿಗೆ ಸ್ವಲ್ಪ ಎಣ್ಣೆ ಸವರಿ, ಗುದದ್ವಾರದಲ್ಲಿ ಓರೆಯಾಗಿ ಒಳಗೋಡೆಗೆ ತಾಗುವಂತೆ ಎರಡು ನಿಮಿಷ ಹಿಡಿಯಿರಿ. ಸಗಣಿ ನಡುವೆ ಚುಚ್ಚಿದರೆ ಸರಿ ತೋರಿಸುವುದಿಲ್ಲ. ಕೈ ಬಿಡಬೇಡಿ. ಕ್ಯಾಲೆಂಡರಿನಲ್ಲಿ ಆವತ್ತಿನ ಮನೆಯಲ್ಲೇ ಬರೆದಿಡಿ.

ಮೇವು: ಇಲ್ಲೇ ಡಾಕ್ಟ್ರು ಜಾಸ್ತಿ ಬರೆದಿದ್ದಾರೆ. ಚೀಟಿಯ 'ಪೆಂಡ' ಅಂದರೆ ಹಿಂಡಿ, 'ಕಡಬಾ' ಅಂದರೆ ನಮ್ಮ ಕಣಕಿ. ಜ್ವರ ಇರುವಷ್ಟು ದಿನ ಮೆತ್ತನೆಯ ಹಸಿ ಹುಲ್ಲು ಸಣ್ಣಗೆ ಕತ್ತರಿಸಿ ಸ್ವಲ್ಪ ಸ್ವಲ್ಪವೇ ಇಡಿ. ಕಣಕಿಯನ್ನೂ ಕತ್ತರಿಸಿಯೇ ಇಡಿ, ಉದ್ದ ದಂಟು ಬೇಡ. ಹಿಂಡಿ ಮತ್ತು ಪಶು ಆಹಾರ ಸೇರಿ ದಿನಕ್ಕೆ ಎರಡು ಕಿಲೋ ಮಾತ್ರ, ಬೆಳಿಗ್ಗೆ ಒಂದು, ಸಂಜೆ ಒಂದು. ಜ್ವರ ಬಿಟ್ಟಿದ್ದರೆ ಗುರುವಾರ ಮೂರು, ಶುಕ್ರವಾರ ನಾಲ್ಕು, ಹೀಗೆ ದಿನಕ್ಕೊಂದು ಕಿಲೋ ಏರಿಸಿ ಮುಂದಿನ ಸೋಮವಾರ ಏಳು ಕಿಲೋಗೆ ಬನ್ನಿ. 14 ಲೀಟರ್ ಕೊಡುವ ಆಕಳಿಗೆ ಅಷ್ಟೇ ಬೇಕು: ಮೈಗೆ ಒಂದೂವರೆ ಎರಡು ಕಿಲೋ, ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ. ಹಾಲು ಇಳಿದಿದೆ ಅಂತ ಒಮ್ಮೆಲೇ ಸುರಿದರೆ ಹೊಟ್ಟೆ ಹುಳಿಯಾಗಿ ಮತ್ತೆ ಮಲಗುತ್ತಾಳೆ. ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂ, ಇದನ್ನು ಜ್ವರ ಹೋದ ಮೇಲೂ ನಿಲ್ಲಿಸಬೇಡಿ.

ಇನ್ನೊಂದು, ನಾನೇ ಕಣ್ಣಾರೆ ನೋಡಿದ್ದು. ಹಡಪಸರ ಕಡೆಯ ಮಂಗಲ ಕಾರ್ಯಾಲಯದಿಂದ ಟೆಂಪೋದಲ್ಲಿ ಉಳಿದ ಅನ್ನ, ಚಪಾತಿ ತಂದು ಗೋಮಾತೆಗೆ ಅಂತ ಗೋದಲಿಗೆ ಹಾಕಿ ಹೋಗುತ್ತಾರೆ. ಭಕ್ತಿಯಿಂದಲೇ ಹಾಕುತ್ತಾರೆ. ಆದರೆ ಅನ್ನ ಆಕಳ ಹೊಟ್ಟೆಯಲ್ಲಿ ಹುಳಿಯುತ್ತದೆ. ಡಾಕ್ಟ್ರೂ ಬೇಡವೇ ಬೇಡ ಅಂದರು. ಬಾಗಿಲಲ್ಲೇ ಕೈಮುಗಿದು ಬೇಡ ಅನ್ನಿ, ನಾನೂ ಮರಾಠಿಯಲ್ಲಿ ಒಂದು ಬೋರ್ಡು ಬರೆದುಕೊಡುತ್ತೇನೆ.

ನೀರು ಯಾವಾಗಲೂ ಮುಂದೆ ಇರಲಿ, ಬಕೆಟ್ಟು ಮೂತಿಗೆ ಎಟುಕುವಂತೆ. ಮಲಗಿದರೆ ಅಡ್ಡ ಬೀಳದಂತೆ ಎದೆ ಮೇಲೆ ಕೂರಿಸಿ, ಪಕ್ಕಕ್ಕೆ ಹುಲ್ಲಿನ ಚೀಲ ಆನಿಸಿ. ಮೂರು ನಾಲ್ಕು ತಾಸಿಗೊಮ್ಮೆ ಮಗ್ಗಲು ಬದಲಿಸಿ, ರಾತ್ರಿಯೂ. ಸಿಮೆಂಟಿನ ನೆಲದ ಮೇಲೆ ಹುಲ್ಲು ದಪ್ಪಗೆ ಹಾಸಿ.

ಹಾಲು: ಕೊನೆಯ ಸೂಜಿ ಆದ ಮೇಲೆ ಐದು ದಿನ ಗೌರಿಯ ಹಾಲು ಡೇರಿಗೂ, ಮನೆಗೂ ಬೇಡ. ಮಂಗಳವಾರವೇ ಸೂಜಿ ಮುಗಿದರೆ ಮುಂದಿನ ಸೋಮವಾರ ಬೆಳಿಗ್ಗೆಯಿಂದ ಕೊಡಬಹುದು. ಬುಧವಾರವೂ ಹಾಕಿದ್ದರೆ ಮಂಗಳವಾರ ಬೆಳಿಗ್ಗೆಯಿಂದ. ನಷ್ಟ ಅಂತ ಗೊತ್ತು. ಆದರೆ ಆ ಹಾಲು ಯಾರದೋ ಮನೆಯ ಕೂಸಿಗೆ ಹೋಗುತ್ತದೆ. ಬೇರೆ ಪಾತ್ರೆಯಲ್ಲಿ ಹಿಂಡಿ ಚೆಲ್ಲಿಬಿಡಿ, ಕೆಚ್ಚಲಲ್ಲಿ ಬಿಡಬೇಡಿ.

ತಡ ಮಾಡದೆ ಡಾಕ್ಟ್ರನ್ನು ಕರೆಯಬೇಕಾದ್ದು ಯಾವಾಗ? ಗುರುವಾರವೂ ಜ್ವರ 103ಕ್ಕಿಂತ ಮೇಲಿದ್ದರೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ. ವಸಡು, ಕಣ್ಣೊಳಗೆ ಬಿಳಿಚಿದರೆ. ಭುಜದ ಮುಂದೆ ಗಂಟು ಊದಿದರೆ. ಹೊಟ್ಟೆ ಉಬ್ಬಿದರೆ, ಬಾಯಿ ತೆರೆದು ಉಸಿರಾಡಿದರೆ. ಮೂತ್ರ ಬಣ್ಣ ತಿರುಗಿದರೆ, ಬಿಳಿಚಿದರೆ, ಗಂಟು ಊದಿದರೆ ಅದು ಬರೀ ಮೂರು ದಿನದ ಜ್ವರ ಇರಲಿಕ್ಕಿಲ್ಲ. ಮೈಗೆ ಅಂಟುವ ಉಣ್ಣಿ ಹುಳದಿಂದ ಬರುವ ಜ್ವರ ಇರಬಹುದು, ಅದಕ್ಕೆ ರಕ್ತ ಪರೀಕ್ಷೆ ಮಾಡಿ ಬೇರೆಯೇ ಔಷಧ ಹಾಕಬೇಕು. ಅವರು ಸಿಗದಿದ್ದರೆ 1962ಕ್ಕೆ ಫೋನ್ ಮಾಡಿ, ಅದು ದನಗಳ ಸಹಾಯವಾಣಿ. ಮರಾಠಿಯಲ್ಲಿ ಮಾತಾಡಲು ತೊಡಕಾದರೆ ಎಷ್ಟೊತ್ತಾದರೂ ನನ್ನನ್ನು ಎಬ್ಬಿಸಿ.

ಡಾಕ್ಟ್ರ ಮೂಲ ಚೀಟಿ ಇದರ ಹಿಂದೆಯೇ ಪಿನ್ ಹಾಕಿದ್ದೇನೆ. ಮಂಗಳವಾರ ಕಾಂಪೌಂಡರ್ ಬಂದಾಗ ಅದನ್ನೇ ತೋರಿಸಿ.