ಇಂಗ್ಲಿಷ್–ಕನ್ನಡ ಅನುವಾದ: ವೈದ್ಯಕೀಯ, ಕೃಷಿ ಮತ್ತು ಭೂದಾಖಲೆಗಳು

ಮೈಸೂರಿನಲ್ಲಿದ್ದು ಸ್ವತಂತ್ರವಾಗಿ ಅನುವಾದ ಮಾಡುತ್ತೇನೆ. ಅನುವಾದ ಸಂಸ್ಥೆಗಳಿಂದಲೂ ನೇರವಾಗಿ ಗ್ರಾಹಕರಿಂದಲೂ ಕೆಲಸ ಸ್ವೀಕರಿಸುತ್ತೇನೆ.

ನನ್ನ ಹೆಚ್ಚಿನ ಕೆಲಸ ವೈದ್ಯಕೀಯ ಕ್ಷೇತ್ರದ್ದು: ಔಷಧ ಪ್ರಯೋಗಗಳ ಒಪ್ಪಿಗೆ ಪತ್ರಗಳು, ರೋಗಿಗಳ ಪ್ರಶ್ನಾವಳಿಗಳು, ಆಸ್ಪತ್ರೆಯ ಮಾಹಿತಿ ಪುಸ್ತಿಕೆಗಳು. ಒಪ್ಪಿಗೆ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕುವವರಿಗೆ ಅದನ್ನು ಬೇರೊಬ್ಬರು ಓದಿ ಹೇಳುವ ಸಂದರ್ಭವೂ ಇರುವುದರಿಂದ, ಕಿವಿಗೆ ಬಿದ್ದೊಡನೆ ಅರ್ಥವಾಗುವಂತೆ ವಾಕ್ಯಗಳನ್ನು ಕಟ್ಟುವುದು ನನ್ನ ಪದ್ಧತಿ. ಒಂದು ಮಾದರಿ:

“ಈ ಅಧ್ಯಯನಕ್ಕೆ ಸೇರುವುದು, ಬಿಡುವುದು ಪೂರ್ತಿಯಾಗಿ ನಿಮ್ಮ ಇಷ್ಟ. ಸೇರಿದ ಮೇಲೂ ಕಾರಣ ಹೇಳದೆ ಯಾವಾಗ ಬೇಕಾದರೂ ಬಿಡಬಹುದು. ಬಿಟ್ಟರೆ ಈ ಆಸ್ಪತ್ರೆಯಲ್ಲಿ ನಿಮಗೆ ಸಿಗುತ್ತಿರುವ ಚಿಕಿತ್ಸೆಗೆ ತೊಂದರೆಯಾಗುವುದಿಲ್ಲ.”

ಕೀಟನಾಶಕದ ಕರಪತ್ರದಲ್ಲಿಯೂ ಇದೇ ಎಚ್ಚರ ಬೇಕು:

“ಗಾಳಿಗೆ ಎದುರಾಗಿ ನಿಂತು ಸಿಂಪಡಿಸಬೇಡಿ. ಸಿಂಪಡಿಸುವಾಗ ಏನನ್ನೂ ತಿನ್ನಬೇಡಿ, ಕುಡಿಯಬೇಡಿ, ಬೀಡಿ ಸೇದಬೇಡಿ. ಖಾಲಿ ಡಬ್ಬಿಯನ್ನು ಮನೆಯ ಯಾವ ಬಳಕೆಗೂ ಇಟ್ಟುಕೊಳ್ಳಬೇಡಿ.”

ಗ್ರಾಹಕರ ದಾಖಲೆಗಳು ಗೋಪ್ಯವಾದ್ದರಿಂದ ಈ ಮಾದರಿಗಳನ್ನು ಇಲ್ಲಿಗಾಗಿಯೇ ಬರೆದಿದ್ದೇನೆ.

ಕನ್ನಡದಿಂದ ಇಂಗ್ಲಿಷಿಗೆ ಮುಖ್ಯವಾಗಿ ಭೂದಾಖಲೆಗಳನ್ನು ಅನುವಾದಿಸುತ್ತೇನೆ. ಪಹಣಿ, ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳ ಇಂಗ್ಲಿಷ್ ಪ್ರತಿ ವಿದೇಶದಲ್ಲಿರುವ ವಾರಸುದಾರರಿಗೂ ಅವರ ವಕೀಲರಿಗೂ ಬೇಕಾಗುತ್ತದೆ. ಎಕರೆ, ಗುಂಟೆಗಳ ಲೆಕ್ಕವನ್ನು (ಎಕರೆಗೆ 40 ಗುಂಟೆ) ದಶಮಾಂಶಕ್ಕೆ ತಿರುಗಿಸದೆ ಮೂಲದಲ್ಲಿದ್ದಂತೆಯೇ ಇಡುತ್ತೇನೆ. ಚಕ್ಕುಬಂದಿಯ ನಾಲ್ಕೂ ದಿಕ್ಕುಗಳನ್ನು ಮೂಲದೊಂದಿಗೆ ಎರಡನೆಯ ಬಾರಿ ತಾಳೆ ನೋಡುತ್ತೇನೆ. ಹಳೆಯ ಕೈಬರಹದಲ್ಲಿ ಓದಲಾಗದ ಭಾಗವಿದ್ದರೆ ಊಹಿಸಿ ತುಂಬುವುದಿಲ್ಲ, ಅಸ್ಪಷ್ಟವೆಂದು ಅಲ್ಲಿಯೇ ಗುರುತಿಸುತ್ತೇನೆ. ಈ ವಿಷಯದಲ್ಲಿ ಯಾವ ಅವಸರಕ್ಕೂ ನಾನು ರಾಜಿಯಾಗುವುದಿಲ್ಲ.

ಬ್ಯಾಂಕುಗಳ ಗ್ರಾಹಕ ಪತ್ರಗಳನ್ನೂ ಅನುವಾದಿಸುತ್ತೇನೆ. ಸಾಲದ ಮುಖ್ಯ ಅಂಶಗಳ ವಿವರಣಾ ಪತ್ರವು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕೆಂದು ರಿಸರ್ವ್ ಬ್ಯಾಂಕ್ 2024ರಲ್ಲಿ ಸೂಚಿಸಿದ ಮೇಲೆ ಈ ಕೆಲಸಕ್ಕೆ ಮಹತ್ವ ಹೆಚ್ಚಿದೆ. ಆರೋಗ್ಯ ಮತ್ತು ಕೃಷಿ ಕುರಿತು ಕನ್ನಡದಲ್ಲಿ ಸ್ವತಂತ್ರ ಲೇಖನಗಳನ್ನೂ ಬರೆದುಕೊಡುತ್ತೇನೆ. ಜಾಹೀರಾತಿನ ಘೋಷವಾಕ್ಯ ಮತ್ತು ಪೇಟೆಂಟ್ ಅನುವಾದಗಳನ್ನು ಒಪ್ಪಿಕೊಳ್ಳುವುದಿಲ್ಲ.

ಸಾಮಾನ್ಯ ಬರಹವಾದರೆ ದಿನಕ್ಕೆ 2,000 ಪದ, ವೈದ್ಯಕೀಯ ಮತ್ತು ಕಾನೂನು ಬರಹವಾದರೆ 1,200 ಪದ ಮುಗಿಸುತ್ತೇನೆ. ಇದರ ಮೇಲೆ ಪರಿಶೀಲನೆಗೆ ಒಂದು ದಿನ ಬೇಕು. ಅಂದರೆ 6,000 ಪದಗಳ ಒಪ್ಪಿಗೆ ಪತ್ರವೊಂದು ಆರನೆಯ ಕೆಲಸದ ದಿನ ನಿಮ್ಮ ಕೈ ಸೇರುತ್ತದೆ. 500 ಪದಗಳೊಳಗಿನ ತುರ್ತು ಕೆಲಸವನ್ನು ಬೆಳಿಗ್ಗೆ ಹತ್ತರೊಳಗೆ ಕಳುಹಿಸಿದರೆ ಅಂದೇ ಸಂಜೆ ಮರಳಿಸುತ್ತೇನೆ. ಅನುವಾದವನ್ನು ಮತ್ತೆ ಮೂಲ ಭಾಷೆಗೆ ತಿರುಗಿಸುವ ಹಿಮ್ಮುಖ ಅನುವಾದವನ್ನು ಮೊದಲ ಅನುವಾದ ಮಾಡಿದವರೇ ಮಾಡಬಾರದಾದ್ದರಿಂದ ಎರಡರಲ್ಲಿ ಒಂದನ್ನು ಮಾತ್ರ ನನಗೆ ವಹಿಸಬೇಕು.

ಟ್ರಾಡೋಸ್ ಮತ್ತು ಮೆಮೊಕ್ಯೂ ಅನುವಾದ ತಂತ್ರಾಂಶಗಳ ಕಡತಗಳಲ್ಲಿ ಕೆಲಸ ಮಾಡುತ್ತೇನೆ. ಕನ್ನಡ ಪಠ್ಯವನ್ನು ಯೂನಿಕೋಡ್‌ನಲ್ಲಿ ಕೊಡುತ್ತೇನೆ. ಮುದ್ರಣಕ್ಕೆ ನುಡಿ ಅಕ್ಷರವಿನ್ಯಾಸ ಬೇಕಿದ್ದರೆ ಮೊದಲೇ ತಿಳಿಸಬೇಕು, ಏಕೆಂದರೆ ಪರಿವರ್ತನೆಯಾದ ಪಠ್ಯದ ಒತ್ತಕ್ಷರಗಳನ್ನು ಮತ್ತೊಮ್ಮೆ ನೋಡಬೇಕಾಗುತ್ತದೆ. ಹೊಸ ಗ್ರಾಹಕರಿಗೆ 250 ಪದಗಳ ಪರೀಕ್ಷಾರ್ಥ ಅನುವಾದ ಉಚಿತ. ಕಡತದೊಂದಿಗೆ ಅದು ಯಾರು ಓದುವುದಕ್ಕೆ ಎಂಬುದನ್ನೂ ಬರೆದು ಕಳುಹಿಸಿದರೆ ದರ ಮತ್ತು ಗಡುವನ್ನು ಒಂದು ಕೆಲಸದ ದಿನದೊಳಗೆ ತಿಳಿಸುತ್ತೇನೆ.