ವಿಷಯ: ನಿನ್ನೆಯ ಇಂಟರ್‌ವ್ಯೂಗೆ ಥ್ಯಾಂಕ್ಸ್ ಸರ್ (ಕೊಬ್ಬರಿ ಖರೀದಿ, ಫೀಲ್ಡ್ ಆಫೀಸರ್ ಕೆಲಸ)

ನಮಸ್ತೆ ಸರ್,

ನಿನ್ನೆ ತಿಪಟೂರು ಆಫೀಸಲ್ಲಿ ಅಷ್ಟು ಹೊತ್ತು ಕೂತು ಮಾತಾಡಿದ್ದಕ್ಕೆ ತುಂಬಾ ಥ್ಯಾಂಕ್ಸ್. ಗೋಡೌನ್ ಸುತ್ತಿಸಿ ತೋರಿಸಿದ ಮೇಡಂಗೂ ಹೇಳ್ಬಿಡಿ.

ರೈತರು ತಂದ ಉಂಡೆ ಕೊಬ್ಬರೀಲಿ ತೇವಾಂಶ 7 ಪರ್ಸೆಂಟ್ ದಾಟಿ, ಅವ್ರು ಜಗಳಕ್ಕೆ ನಿಂತ್ರೆ ಏನ್ಮಾಡ್ತೀಯಾ ಅಂತ ಕೇಳಿದ್ರಲ್ಲ, ಬಸ್ಸಲ್ಲಿ ಅರಸೀಕೆರೆ ತನಕ ಅದೇ ತಲೇಲಿ ಓಡ್ತಿತ್ತು. ನಿನ್ನೆ ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ಮೀಟರ್ ನಮ್ಮದಾದ್ರೂ ಸ್ಯಾಂಪಲ್ ಆರಿಸೋ ಕೈ ಅವರದ್ದಾಗಿರ್ಲಿ, ಚೀಲದ ಮೇಲಿಂದ ಎರಡು ತಳದಿಂದ ಎರಡು ಅವ್ರೇ ತೆಗೆದು ಕೊಡ್ಲಿ, ಅವ್ರ ಮುಂದೇನೇ ಒಡೆದು ರೀಡಿಂಗ್ ತೋರಿಸಿ, ಇನ್ನೆಷ್ಟು ಒಣಗಿಸಿ ತರಬೇಕು ಅಂತಾನೂ ಹೇಳಿ ಕಳಿಸೋಣ. ತಿಂಗಳುಗಟ್ಟಲೆ ಅಟ್ಟದ ಮೇಲೆ ಕಾಯಿ ಇಟ್ಟು ಕಾದಿರೋರಿಗೆ ಬರೀ ‘ರಿಜೆಕ್ಟ್’ ಅಂದ್ರೆ ಯಾರಿಗಾದ್ರೂ ಹೊಟ್ಟೆ ಉರಿಯುತ್ತೆ.

ವಾಟ್ಸಾಪ್ ಮೆಸೇಜ್ ಯಾರೂ ಓದಲ್ಲ ಅಂದ್ರಲ್ಲ, ಖರೀದಿ ಹಿಂದಿನ ದಿನ ಸಂಜೆ ಅರ್ಧ ನಿಮಿಷದ ವಾಯ್ಸ್ ನೋಟ್ ಕಳಿಸಿ ನೋಡ್ಬಹುದೇನೋ, ನಮ್ಮಪ್ಪ ಅಕ್ಷರ ನೋಡಿದ್ರೆ ಮುಂದೆ ಹೋಗ್ತಾರೆ, ದನಿ ಬಂದ್ರೆ ಪೂರ್ತಿ ಕೇಳ್ತಾರೆ.

ಈ ಕೆಲಸದಲ್ಲಿ ಕುರ್ಚಿಗಿಂತ ಬೈಕ್ ಮೇಲೇ ಜಾಸ್ತಿ ಕೂರಬೇಕು ಅಂತ ಎಚ್ಚರಿಕೆ ಥರ ಹೇಳಿದ್ರಿ, ನಿಜ ಹೇಳ್ಬೇಕಂದ್ರೆ ನಂಗೆ ಹಿಡಿಸಿದ್ದೇ ಅದು 🙂

ಒಂದು ದಿನ ನಿಮ್ಮ ಖರೀದಿ ನಡೆಯುವಾಗ ಬಂದು ನಿಂತು ನೋಡು ಅಂದ್ರೂ ರೆಡಿ. ಇನ್ನೇನಾದ್ರೂ ಕೇಳೋದಿದ್ರೆ ಯಾವಾಗ ಬೇಕಾದ್ರೂ ಫೋನ್ ಮಾಡಿ ಸರ್.

ಇಂತಿ,
ಮಂಜುನಾಥ