ಸವಿತಾ, ನೀನು ಕಳಿಸಿದ ಪಹಣಿ ಫೋಟೋ ನೋಡಿದೆ

ಸವಿತಾ,

ಫೋಟೋ ಸ್ವಲ್ಪ ಓರೆಯಾಗಿದೆ, ಬಲಗಡೆ ಮೂಲೆ ಮಸುಕಾಗಿದೆ. ಆದರೂ ಮುಖ್ಯವಾದದ್ದೆಲ್ಲ ಓದೋಕೆ ಬರುತ್ತದೆ. ಮೊದಲನೇ ಸಲ ಈ ಕಾಗದ ಕೈಗೆ ಬಂದಾಗ ಯಾರಿಗಾದರೂ ತಲೆ ತಿರುಗುತ್ತದೆ, ಗಾಬರಿ ಬೇಡ ಕಣಮ್ಮ. ಗ್ರಾಮ ಲೆಕ್ಕಿಗನಾಗಿ ನಾನು ವರ್ಷಗಟ್ಟಲೆ ನೋಡಿದ್ದು ಇದನ್ನೇ. ಫೋಟೋ ಪಕ್ಕದಲ್ಲಿಟ್ಟುಕೊಂಡು ಓದು.

ಮೇಲ್ಗಡೆ ಜಿಲ್ಲೆ ತುಮಕೂರು, ತಾಲ್ಲೂಕು ತಿಪಟೂರು, ಹೋಬಳಿ ನೊಣವಿನಕೆರೆ ಅಂತ ಇದೆ, ಆಮೇಲೆ ಊರಿನ ಹೆಸರು. ಇವು ಸರಿಯಾಗಿವೆ. ಮೂಲೆಯಲ್ಲಿರುವ ನಮೂನೆ 16 ಅಂದರೆ ಇದು ಪಹಣಿ ಅಂತಲೇ. ಆರ್‌ಟಿಸಿ ಅನ್ನುವುದೂ ಇದನ್ನೇ.

ಕಾಲಂ 1 ಮತ್ತು 2 ಸೇರಿ ನಿನ್ನ ಜಮೀನಿನ ಗುರುತು. ಸರ್ವೆ ನಂಬರ್ 87, ಹಿಸ್ಸಾ 3. ನಡುವೆ ಒಂದು ನಕ್ಷತ್ರ ಚಿಹ್ನೆ ಇದೆ ಅಂತ ಕೇಳಿದ್ದೆಯಲ್ಲ, ಆ ಜಾಗದಲ್ಲಿ ತುಂಬೋಕೆ ಏನೂ ಇಲ್ಲ ಅಂತ ಅಷ್ಟೇ ಅದರ ಅರ್ಥ. 87ನೇ ನಂಬರ್ ಹಿಂದೆ ಒಂದೇ ದೊಡ್ಡ ಜಮೀನು. ಅಳತೆ ಮಾಡಿ ಪೋಡಿ, ಅಂದರೆ ಭಾಗ ಮಾಡಿ ಬೇರೆ ಬೇರೆ ನಂಬರ್ ಕೊಡುವುದು, ಆದಮೇಲೆ 87/1, 87/2, 87/3 ಆಯಿತು. ಹಿಸ್ಸಾ ಜಾಗದಲ್ಲಿ 'ಪೈಕಿ' ಅಥವಾ 'ಪೈ' ಅಂತ ಇದ್ದಿದ್ದರೆ ಇನ್ನೂ ಪೋಡಿ ಆಗಿಲ್ಲ ಅಂತ ತಿಳಿಯಬೇಕಿತ್ತು. ನಿಂದರಲ್ಲಿ ಆ ತೊಂದರೆ ಇಲ್ಲ, ನಿಮ್ಮಮ್ಮ ಆ ಕೆಲಸ ಮುಗಿಸಿಯೇ ಹೋಗಿದ್ದಾಳೆ.

ಕಾಲಂ 3 ನಿಧಾನಕ್ಕೆ ಓದು. ಒಟ್ಟು ವಿಸ್ತೀರ್ಣ 2-14-00. ಇದು ಎರಡು ಎಕರೆ ಹದಿನಾಲ್ಕು ಗುಂಟೆ, ಕೊನೆಯದು ಆಣೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ನೀನು ಮೆಸೇಜಲ್ಲಿ '2.14 ಎಕರೆ' ಅಂತ ಬರೆದಿದ್ದೀಯ. ಹಾಗೆ ಲೆಕ್ಕ ಹಾಕಬೇಡ. ಕ್ಯಾಲ್ಕುಲೇಟರಿಗೆ ಹಾಕುವುದಾದರೆ ಅದು 2.35 ಎಕರೆ ಆಗುತ್ತದೆ. ಮಾರುವಾಗ, ಕೊಳ್ಳುವಾಗ ಈ ಒಂದು ಚುಕ್ಕಿಯಿಂದ ಎಂಟೊಂಬತ್ತು ಗುಂಟೆ ಹೆಚ್ಚುಕಡಿಮೆ ಆಗಿಬಿಡುತ್ತದೆ.

ಅದರ ಕೆಳಗೆ ಖರಾಬು (ಎ) 0-02-00, ಖರಾಬು (ಬಿ) 0-04-00, ಉಳಿದದ್ದು 2-08-00. ಎ ಖರಾಬು ಅಂದರೆ ಉಳುಮೆಗೆ ಬಾರದ ಜಾಗ, ಬಂಡೆ ಇರುವಂಥದ್ದು. ಅದಕ್ಕೆ ಕಂದಾಯ ಇಲ್ಲ, ಆದರೆ ಜಮೀನಿನ ಜೊತೆಗೇ ನಿನ್ನ ಅನುಭವದಲ್ಲಿರುತ್ತದೆ. ಬಿ ಖರಾಬು ಹಾಗಲ್ಲ. ದಾರಿ, ಹಳ್ಳ, ಸ್ಮಶಾನ ಇಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ ಅದು, ಸರ್ಕಾರದ್ದು. ನಿಮ್ಮ ಜಮೀನಿನಲ್ಲಿ ಅದು ಹಳೇ ಗಾಡಿದಾರಿ. ಒಂದು ಗುಂಟೆ 33 ಅಡಿಗೆ 33 ಅಡಿ, ಅಂದರೆ 1089 ಚದರಡಿ. ನಾಲ್ಕು ಗುಂಟೆ ಕಮ್ಮಿ ಜಾಗವೇನಲ್ಲ. ಬೇಸಿಗೆಯಲ್ಲಿ ತಂತಿಬೇಲಿ ಹಾಕಿಸಬೇಕು ಅಂತಿದ್ದೀಯಲ್ಲ, ಆ ದಾರಿಯನ್ನು ಒಳಗೆ ಸೇರಿಸಿಕೊಳ್ಳಬೇಡ. ಹಿಂದಿನ ಜಮೀನಿನವರು ತಕರಾರು ತೆಗೆದರೆ ನ್ಯಾಯ ಅವರ ಕಡೆಗೇ ಇರುತ್ತದೆ.

ಕಾಲಂ 4 ಕಂದಾಯ. ಮೊತ್ತ ಇಷ್ಟು ಚಿಕ್ಕದು ಏಕೆ ಅಂತ ಅನುಮಾನ ಪಡಬೇಡ, ಹಳೇ ದರ ಅದು. ಜೂಡಿ ಅನ್ನುವುದು ಇನಾಂ ಜಮೀನಿನ ಕಾಲದ್ದು, ನಿಂದರಲ್ಲಿ ಸೊನ್ನೆ. 5 ಮಣ್ಣು, 6 ಪಟ್ಟಾ, 7 ಮರಗಳು, 8 ನೀರಾವರಿ. 7ರಲ್ಲಿ ಏನೂ ಬರೆದಿಲ್ಲ, ನಿಮ್ಮ ತೆಂಗಿನ ಮರಗಳು ಅಲ್ಲಿ ಬಂದೇ ಇಲ್ಲ. ಇದು ಬಹಳ ಪಹಣಿಗಳಲ್ಲಿ ಹೀಗೇ.

ಈಗ ಕಾಲಂ 9. ಸ್ವಾಧೀನದಾರರ ಹೆಸರು. ನಿನ್ನ ಹೆಸರು, ನಿನ್ನ ತಮ್ಮನ ಹೆಸರು ಎರಡೂ ಇವೆ, ಪಕ್ಕದಲ್ಲಿ ಜಂಟಿ ಅಂತ ಇದೆ. ವಿಸ್ತೀರ್ಣ ಇಬ್ಬರಿಗೂ ಸೇರಿ 2-08-00, ಖಾತೆ ನಂಬರ್ 214. ಈ 2-08 ಮತ್ತು ಕಾಲಂ 3ರ 'ಉಳಿದದ್ದು' ಒಂದೇ ಇರಬೇಕು. ಇದೆ, ಒಳ್ಳೆಯದು. ಜಂಟಿ ಅಂದರೆ ಪೂರ್ವದ ಅರ್ಧ ನಿನ್ನದು, ಪಶ್ಚಿಮದ ಅರ್ಧ ಅವನದು ಅಂತ ಅಲ್ಲ. ಇಡೀ ಜಮೀನಿನಲ್ಲಿ ಇಬ್ಬರಿಗೂ ಹಕ್ಕಿದೆ. ಬೇರೆ ಮಾಡಿಕೊಳ್ಳಬೇಕು ಅಂದರೆ ಮೊದಲು ಸರ್ವೆಯವರಿಂದ ಭಾಗಗಳನ್ನು ಅಳೆದು ತೋರಿಸುವ 11ಇ ನಕ್ಷೆ ಮಾಡಿಸಿ, ವಿಭಾಗಪತ್ರ ರಿಜಿಸ್ಟರ್ ಮಾಡಿಸಬೇಕು. ಅದು ನೀವಿಬ್ಬರೂ ಕೂತು ಮಾತಾಡಿ ತೀರ್ಮಾನಿಸುವ ವಿಷಯ.

ಒಂದು ತಪ್ಪು ಕಂಡಿತು. ನಿನ್ನ ಹೆಸರು 'ಸವಿತ' ಅಂತ ಇದೆ, ಆಧಾರ್‌ನಲ್ಲಿ 'ಸವಿತಾ'. ಒಂದು ದೀರ್ಘ ತಾನೇ ಅಂತ ಬಿಡಬೇಡ. ಸಾಲಕ್ಕೆ, ಪರಿಹಾರದ ಹಣಕ್ಕೆ ಹೋದಾಗ ಇದೇ ಅಡ್ಡ ಬರುವುದು. ತಿದ್ದುಪಡಿಗೆ ಅರ್ಜಿ ಕೊಡು.

ಕಾಲಂ 10ರಲ್ಲಿ ಜಮೀನು ನಿಮಗೆ ಹೇಗೆ ಬಂತು ಅಂತ ಇದೆ. 'ಪೌತಿ, ಎಂ.ಆರ್. ಎಚ್14/2023-24'. ಪೌತಿ ಅಂದರೆ ಖಾತೆದಾರರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಮಾಡಿದ್ದು. ಎಂ.ಆರ್. ಅಂದರೆ ಮ್ಯುಟೇಶನ್ ರಿಜಿಸ್ಟರ್, ಆ ಬದಲಾವಣೆ ದಾಖಲಾದ ಪುಸ್ತಕ. ಈ ನಂಬರ್ ಬರೆದಿಟ್ಟುಕೋ, ಆ ಎಂ.ಆರ್. ಪ್ರತಿಯನ್ನೂ ತೆಗೆಸಿಟ್ಟುಕೋ. ಯಾರ ಅರ್ಜಿ, ಯಾರು ವಾರಸುದಾರರು, ಯಾವ ಆದೇಶ ಅನ್ನುವುದೆಲ್ಲ ಅದರಲ್ಲಿರುತ್ತದೆ.

ನನ್ನ ಕಣ್ಣು ನಿಂತದ್ದು ಕಾಲಂ 11ರಲ್ಲಿ. ಇತರ ಹಕ್ಕುಗಳು ಮತ್ತು ಋಣಗಳು. ಜಮೀನಿನ ಮೇಲೆ ಬೇರೆಯವರ ಹಕ್ಕು, ಕೋರ್ಟಿನ ತಡೆ, ಬ್ಯಾಂಕಿನ ಆಧಾರ ಎಲ್ಲ ಬರುವುದು ಇಲ್ಲೇ. ನಿಮ್ಮಮ್ಮನ ಹೆಸರಲ್ಲಿ 80,000 ರೂಪಾಯಿ ಬೆಳೆಸಾಲ ಇನ್ನೂ ಕಾಣುತ್ತಿದೆ. ತೀರಿಸಿಯಾಗಿದೆ ಅಂತ ನೀನು ಹೇಳಿದೆ, ನಿಜ. ಆದರೆ ಬ್ಯಾಂಕಿಗೆ ದುಡ್ಡು ಕಟ್ಟಿದ ಮಾತ್ರಕ್ಕೆ ಪಹಣಿಯಲ್ಲಿ ತಾನಾಗಿಯೇ ಅಳಿಸಿಹೋಗುವುದಿಲ್ಲ. ಬ್ಯಾಂಕಿನಿಂದ ಸಾಲ ತೀರಿದ ಪತ್ರ ತಗೊಂಡು ಹೋಗಿ ಋಣ ಬಿಡುಗಡೆ ಮಾಡಿಸಬೇಕು. ಅಲ್ಲಿವರೆಗೆ ಹೊಸ ಸಾಲ ಸಿಗುವುದು ಕಷ್ಟ. ನಿಮ್ಮಮ್ಮ ಆ ದುಡ್ಡನ್ನು ಕಂತು ಕಂತಾಗಿ ಕಟ್ಟಿದ್ದನ್ನು ನಾನು ನೋಡಿದ್ದೇನೆ. ಅದು ಇನ್ನೂ ಅವಳ ಹೆಸರಲ್ಲಿ ಬಾಕಿ ಅಂತ ಕಾಣುವುದು ನನಗೆ ಸರಿ ಅನ್ನಿಸಲಿಲ್ಲ.

ಕಾಲಂ 12 ಸಾಗುವಳಿ ಮತ್ತು ಬೆಳೆ. ಸಾಗುವಳಿ 'ಸ್ವಂತ' ಅಂತ ಇದೆ, ಅದು ಹಾಗೇ ಇರಬೇಕು. ಅಲ್ಲಿ ಬೇರೆ ಯಾರದಾದರೂ ಹೆಸರು ಬಂದರೆ ಸುಮ್ನೆ ಇರಬಾರದು. ಬೆಳೆ ಮಾತ್ರ ತಪ್ಪಾಗಿದೆ. ಪೂರ್ತಿ ರಾಗಿ ಅಂತ ಬಂದಿದೆ, ಇರುವುದು ತೆಂಗು. ಸರ್ಕಾರ ಕೊಬ್ಬರಿ ಖರೀದಿ ಮಾಡುವಾಗ ಈ ಬೆಳೆ ವಿವರವನ್ನೇ ನೋಡುವುದು. ಮುಂದಿನ ಬೆಳೆ ಸಮೀಕ್ಷೆ ಹೊತ್ತಿಗೆ ನೀನೇ ತೋಟದಲ್ಲಿ ನಿಂತು ಸರಿಯಾಗಿ ಹಾಕಿಸು.

ಇನ್ನೊಂದು ಮಾತು. ಪಹಣಿ ಇದೆ ಅಂದರೆ ಜಮೀನು ನಮ್ಮದು ಅಂತ ಕೋರ್ಟಿನಲ್ಲಿ ಕೊನೆಯ ಮಾತಲ್ಲ. ತಪ್ಪು ಅಂತ ಸಾಬೀತಾಗುವವರೆಗೆ ಅದರಲ್ಲಿರುವುದನ್ನು ನಿಜ ಅಂತ ಇಟ್ಟುಕೊಳ್ಳುತ್ತಾರೆ, ಅಷ್ಟೇ. ನಿಮ್ಮಮ್ಮನ ಕ್ರಯಪತ್ರ ಜೋಪಾನ. ಹಾಗೆಯೇ ಬದು ಎಲ್ಲಿ, ಕಲ್ಲು ಎಲ್ಲಿ ಅನ್ನುವುದು ಪಹಣಿಯಲ್ಲಿ ಇರುವುದಿಲ್ಲ. ಅದಕ್ಕೆ ಸರ್ವೆಯವರು ಅಳತೆ ಬರೆದಿಟ್ಟ ಟಿಪ್ಪಣಿ, ನಕ್ಷೆ ಬೇಕು. ವಿಸ್ತೀರ್ಣ ಆಕಾರಬಂದಿಗೂ, ಅಂದರೆ ಸರ್ವೆ ಇಲಾಖೆಯ ವಿಸ್ತೀರ್ಣ ಮತ್ತು ಕಂದಾಯದ ದಾಖಲೆಗೂ, ತಾಳೆಯಾಗಬೇಕು. ಬೇಲಿ ಹಾಕುವ ಮುಂಚೆ ಸರ್ವೆಯವರಿಂದ ಗಡಿ ಗುರುತಿಸಿ ಹದ್ದುಬಸ್ತು ಮಾಡಿಸು.

ಈಗಿನ ಪಹಣಿ ಬೇಕಾದರೆ landrecords.karnataka.gov.in ನಲ್ಲಿ 'View RTC and MR' ಒತ್ತಿ ನೋಡು. ಕಚೇರಿಗೆ ಕೊಡುವುದಕ್ಕೆ ಮಾತ್ರ ನಾಡಕಚೇರಿಯಿಂದ ಹೊಸ ಪ್ರತಿ ತಗೋ, ಫೋಟೋ ನಡೆಯುವುದಿಲ್ಲ.

ಸೋಮವಾರ ಮೊದಲು ಬ್ಯಾಂಕಿಗೆ ಹೋಗು. ಪತ್ರ ಸಿಕ್ಕಮೇಲೆ ಹೆಸರಿನ ತಿದ್ದುಪಡಿ ಅರ್ಜಿಯನ್ನೂ ಅದರ ಜೊತೆಗೇ ಕೊಟ್ಟುಬಿಡು. ಆಧಾರ್ ಜೆರಾಕ್ಸ್ ಇಬ್ಬರದೂ ಇರಲಿ. ಕಾಲಂ 11 ಇರುವ ಭಾಗವನ್ನು ಬೆಳಕಿನಲ್ಲಿಟ್ಟು ಇನ್ನೊಂದು ಫೋಟೋ ಕಳಿಸು, ಕೆಳಗಡೆ ಒಂದು ಸಾಲು ಓದೋಕೆ ಆಗುತ್ತಿಲ್ಲ.

ನಿನ್ನ ಸೋದರಮಾವ